ಗೋಬಿ ಪರಾಠ ಹಗುರ, ಆಲೂ ಪರಾಠ ಭಾರ ಎನ್ನುವುದು ನಿಜವೇ? ತವಾದ ಮೇಲಿನ ಎಣ್ಣೆ ಲೆಕ್ಕಕ್ಕೆ ಸೇರಿದರೆ ಏನಾಗುತ್ತದೆ?

'ಶುಗರ್ ಇದ್ದವರು ಆಲೂ ಪರಾಠ ಮುಟ್ಟಬೇಡಿ, ಗೋಬಿ ಪರಾಠ ಎಷ್ಟು ಬೇಕಾದರೂ ತಿನ್ನಿ' ಎಂಬಂತಹ ಸಲಹೆಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತಲೇ ಇರುತ್ತವೆ. ಕೊಡಗಿನ ಮೂರ್ನಾಡಿನಂತಹ ಊರಿನಲ್ಲಿ ಪರಾಠ ಹೊಸಬ. ಇಲ್ಲಿನ ಅಕ್ಕಿ ರೊಟ್ಟಿಯನ್ನು ಒಣ ಕಾವಲಿಯಲ್ಲಿ ಸುಟ್ಟು, ತುಪ್ಪವನ್ನು ತಟ್ಟೆಯಲ್ಲಿ ಸವರಿಕೊಳ್ಳುತ್ತಾರೆ. ಹಾಗಾಗಿ ಎಷ್ಟು ತುಪ್ಪ ಹೋಯಿತು ಎನ್ನುವುದು ಕಣ್ಣಿಗೆ ಕಾಣುತ್ತದೆ. ಪರಾಠದಲ್ಲಿ ಹಾಗಲ್ಲ, ಎಣ್ಣೆ ಬೇಯುವಾಗಲೇ ಒಳಗೆ ಸೇರಿಬಿಡುತ್ತದೆ. (ಹೋಟೆಲಿನಲ್ಲಿ ಸಿಗುವ ಪದರು ಪದರಿನ ಮೈದಾ ಪರೋಟ ಬೇರೆ, ಅದರ ಲೆಕ್ಕವೂ ಬೇರೆ. ನಾವು ನೋಡುತ್ತಿರುವುದು ಗೋಧಿ ಹಿಟ್ಟಿನೊಳಗೆ ಪಲ್ಯ ತುಂಬಿ ಲಟ್ಟಿಸುವ ಪರಾಠ.)

ಒಂದು ಪರಾಠಕ್ಕೆ 50 ಗ್ರಾಂ ಗೋಧಿ ಹಿಟ್ಟು, 60 ಗ್ರಾಂ ಹೂರಣ ಎಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಮಾಡುವ ಮಧ್ಯಮ ಗಾತ್ರ ಅದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಗೆ ಹತ್ತಿರವಾಗಿ ಲೆಕ್ಕ ಹಾಕಿದರೆ, ಹಿಟ್ಟಿನಿಂದಲೇ ಸುಮಾರು 165 ಕ್ಯಾಲರಿ ಬರುತ್ತದೆ. ಹೂರಣದಿಂದ ಸೇರುವುದು ಆಲೂಗಡ್ಡೆಯಾದರೆ ಸುಮಾರು 40, ಹೂಕೋಸಾದರೆ 15, ಪನೀರ್ ಆದರೆ 155. ಅಂದರೆ ಎಣ್ಣೆ ಸೋಕುವ ಮೊದಲು ಗೋಬಿ ಪರಾಠ 180, ಆಲೂ ಪರಾಠ 205, ಪನೀರ್ ಪರಾಠ 320.

ಆಲೂ ಮತ್ತು ಗೋಬಿಯ ನಡುವಿನ ವ್ಯತ್ಯಾಸ ಬರೀ 25 ಕ್ಯಾಲರಿ. ಒಂದು ಟೀ ಚಮಚ ಎಣ್ಣೆಯಲ್ಲೇ ಸುಮಾರು 40 ಕ್ಯಾಲರಿ ಇರುತ್ತದೆ. ಹಾಗಾಗಿ ಈ ಎರಡರಲ್ಲಿ ಯಾವುದು ಹಗುರ ಎಂದು ತೀರ್ಮಾನಿಸುವುದು ತರಕಾರಿಯಲ್ಲ, ಕಾಯಿಸುವವರ ಕೈ. ಒಂದು ಚಮಚದಲ್ಲಿ ಕಾಯಿಸಿದ ಆಲೂ ಪರಾಠ 245ಕ್ಕೆ ನಿಲ್ಲುತ್ತದೆ, ಮೂರು ಚಮಚ ಸುರಿದ ಗೋಬಿ ಪರಾಠ 300 ತಲುಪುತ್ತದೆ.

ಗೋಬಿಗೆ ಹೆಚ್ಚು ಎಣ್ಣೆ ಬೀಳುವುದಕ್ಕೆ ಕಾರಣವೂ ಇದೆ. ತುರಿದ ಹೂಕೋಸಿಗೆ ಉಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ಅದು ನೀರು ಬಿಡುತ್ತದೆ. ಆಗ ಲಟ್ಟಿಸುವಾಗ ಹಿಟ್ಟು ಹರಿಯುತ್ತದೆ, ಮೇಲೆ ಒಣ ಹಿಟ್ಟು ಹೆಚ್ಚು ಉದುರಿಸುತ್ತೇವೆ. 10 ಗ್ರಾಂ ಹೆಚ್ಚು ಹಿಟ್ಟು ಹಿಡಿದರೂ 33 ಕ್ಯಾಲರಿ ಸೇರಿತು, ಆಲೂಗಿಂತ ಉಳಿದದ್ದು ಅಲ್ಲಿಗೇ ಮುಗಿಯಿತು. ಹರಿದ ಕಡೆ ಹೂರಣ ತವಾಕ್ಕೆ ಅಂಟುತ್ತದೆ, ಬಿಡಿಸಲು ಮತ್ತೆ ಎಣ್ಣೆ. ಕೆಲವರು ನೀರು ಆರಿಸಲು ತುರಿಯನ್ನು ಮೊದಲೇ ಎಣ್ಣೆಯಲ್ಲಿ ಹುರಿಯುತ್ತಾರೆ, ಅದೂ ಲೆಕ್ಕಕ್ಕೆ ಸೇರಬೇಕು. ತುರಿಗೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಬಟ್ಟೆಯಲ್ಲಿ ಹಿಂಡಿ ತುಂಬಿದರೆ, ಮತ್ತು ಎರಡೂ ಬದಿ ಒಣದಾಗಿ ಬೆಂದು ಚುಕ್ಕೆ ಬಂದ ಮೇಲಷ್ಟೇ ಎಣ್ಣೆ ಸವರಿದರೆ, ಒಂದು ಚಮಚ ಸಾಕಾಗುತ್ತದೆ.

ಇನ್ನು ಶುಗರ್ ವಿಚಾರ. ರಕ್ತದ ಸಕ್ಕರೆಯನ್ನು ಮುಖ್ಯವಾಗಿ ಏರಿಸುವುದು ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ. ಪರಾಠದಲ್ಲಿ ಅದರ ದೊಡ್ಡ ಪಾಲು ಹಿಟ್ಟಿನದೇ, ಸುಮಾರು 32 ಗ್ರಾಂ. ಆಲೂ ಅದಕ್ಕೆ 9 ಗ್ರಾಂ ಸೇರಿಸುತ್ತದೆ, ಹೂಕೋಸು 1 ಗ್ರಾಂ. ಒಂದಕ್ಕೆ ಒಂದು ಹೋಲಿಸಿದರೆ ಗೋಬಿ ಸ್ವಲ್ಪ ಮೇಲು, ಸುಳ್ಳಲ್ಲ. ಆದರೆ 'ಎಷ್ಟು ಬೇಕಾದರೂ' ಎನ್ನುವ ಮಾತು ನಂಬಿ ಒಂದು ಆಲೂ ಪರಾಠದ ಬದಲು ಎರಡು ಗೋಬಿ ಪರಾಠ ತಿಂದವರಿಗೆ 41 ಗ್ರಾಂ ಬದಲು 66 ಗ್ರಾಂ ಹೋಗಿರುತ್ತದೆ. ಸಂದೇಶದ ಅಪಾಯ ಇರುವುದು ಇಲ್ಲಿ.

ಪನೀರ್ ಪರಾಠ ಮೂರರಲ್ಲಿ ಭಾರವಾದದ್ದು ಹೌದು, ಒಂದು ಚಮಚ ಎಣ್ಣೆ ಸೇರಿ 360. ಆದರೆ ಅದರಲ್ಲಿ ಸುಮಾರು 16 ಗ್ರಾಂ ಪ್ರೋಟೀನ್ ಇದೆ, ಉಳಿದೆರಡರಲ್ಲಿ 6ರ ಆಸುಪಾಸು. ಎರಡು ಆಲೂ ಪರಾಠ ತಿನ್ನುವವರು ಒಂದು ಪನೀರ್ ಪರಾಠಕ್ಕೆ ತೃಪ್ತರಾದರೆ ಅದು ನಷ್ಟದ ವ್ಯಾಪಾರವಲ್ಲ.

ಎಣ್ಣೆ ಬದಲು ತುಪ್ಪ, ಗಾಣದ ಎಣ್ಣೆ, ಆಲಿವ್ ಎಣ್ಣೆ ಬಳಸಿದರೆ? ಕ್ಯಾಲರಿಯ ಮಟ್ಟಿಗೆ ಏನೂ ಬದಲಾಗದು, ಎಲ್ಲದರಲ್ಲೂ ಗ್ರಾಂಗೆ ಸುಮಾರು 9. ಹೋಟೆಲಿನಲ್ಲಿ ಮೇಲೆ ಇಟ್ಟು ಕೊಡುವ 10 ಗ್ರಾಂ ಬೆಣ್ಣೆ ತುಂಡು ಇನ್ನೂ 70 ಸೇರಿಸುತ್ತದೆ.

ನಿಮ್ಮ ಮನೆಯ ಲೆಕ್ಕ ತಿಳಿಯಲು ಎಣ್ಣೆ ಬಟ್ಟಲನ್ನು ಅಡುಗೆಗೆ ಮೊದಲು ಮತ್ತು ನಂತರ ತೂಗಿ, ವ್ಯತ್ಯಾಸವನ್ನು ಪರಾಠಗಳ ಸಂಖ್ಯೆಯಿಂದ ಭಾಗಿಸಿ. ಹತ್ತು ಪರಾಠಕ್ಕೆ 90 ಗ್ರಾಂ ಇಳಿದಿದ್ದರೆ ತಲಾ 9 ಗ್ರಾಂ, ಅಂದರೆ ಎರಡು ಟೀ ಚಮಚ, ಸುಮಾರು 80 ಕ್ಯಾಲರಿ. ತವಾದಲ್ಲಿ ಉಳಿದು ಹೋಗುವ ಚೂರನ್ನು ಬಿಟ್ಟರೆ ಇದು ಸಾಕಷ್ಟು ಸರಿಯಾದ ಅಂದಾಜು. ಫ್ರೋಜನ್ ಪರಾಠ ತರುವವರು ಪ್ಯಾಕೆಟ್ಟಿನ ಅಂಕಿ 100 ಗ್ರಾಂಗೋ ಒಂದು ಪರಾಠಕ್ಕೋ ಎಂದು ನೋಡಿಕೊಳ್ಳಬೇಕು. ನೀವು ತವಾದ ಮೇಲೆ ಹಾಕುವ ತುಪ್ಪ ಆ ಅಂಕಿಯಲ್ಲಿ ಸೇರಿರುವುದಿಲ್ಲ.