ನಾಲ್ಕು ಗಟಾರ, ಒಂದು ಟೆಂಡರು

ಪುರಸಭೆಯ ಟೆಂಡರಿನ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಅಧಿಕಾರಿಗಳು ಹೇಳುತ್ತಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು ಪುರಸಭೆಗಳಲ್ಲಿ ಇರಲಿ, ಹಿರೇಕೆರೂರಿನ ಪಟ್ಟಣ ಪಂಚಾಯತಿಯಲ್ಲಿ ಇರಲಿ, ಕಾಯದೆ ಒಂದೇ: 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಟೆಂಡರು ಪೆಟ್ಟಿಗೆಯ ಮುಂದೆ ಗೂಂಡಾಗಳನ್ನು ನಿಲ್ಲಿಸಿ ಬಡವನನ್ನು ಅಟ್ಟುತ್ತಿದ್ದ ಕಾಲ ಹೋಯಿತು. ಈಗ ಅರ್ಜಿ ಕಂಪ್ಯೂಟರಿನ ಮೂಲಕ ಹೋಗುತ್ತದೆ. ಅಷ್ಟನ್ನು ನಾವು ಒಪ್ಪುತ್ತೇವೆ. ಆದರೆ ಹೊರಗಿನ ಗೂಂಡಾ ಹೋದ ಮೇಲೆ ಅವನ ಕೆಲಸವನ್ನು ಟೆಂಡರಿನ ಶರತ್ತುಗಳೇ ಮಾಡತೊಡಗಿದರೆ ಬಡ ಗುತ್ತೇದಾರನಿಗೆ ಬಂದ ಲಾಭವೇನು?

ಗಿರಣಿಯ ಕೂಲಿಕಾರರು, ಅಂಗಡಿಕಾರರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ತಿಳಿಯಬಾರದು. ಗಟಾರ ನಿಮ್ಮ ಓಣಿಯದು, ಪಟ್ಟಿ ತೆತ್ತವರು ನೀವು. ಅದನ್ನು ಕಟ್ಟುವ ಗವಂಡಿ ನಿಮ್ಮ ಅಣ್ಣ ಇಲ್ಲವೆ ತಮ್ಮ. ಅದಕ್ಕೆ ಸಿಮೆಂಟು, ಕಬ್ಬಿಣ ಉದ್ರಿ ಕೊಟ್ಟು ಎಂಟು ತಿಂಗಳು ದಾರಿ ಕಾಯುವವನು ನಿಮ್ಮ ಪೇಟೆಯ ಸಣ್ಣ ವ್ಯಾಪಾರಿ.

ವರ್ತಮಾನಪತ್ರದಲ್ಲಿ ಬರುವ ಪ್ರಕಟಣೆ ನಾಲ್ಕು ಬೆರಳಿನಷ್ಟು. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಇಎಂಡಿ, ಕೊನೆಯ ದಿನಾಂಕ. ಕೆಳಗೆ 'ಹೆಚ್ಚಿನ ವಿವರಕ್ಕೆ ಪೋರ್ಟಲ್ ನೋಡಿರಿ' ಎಂಬ ಒಂದು ಸಾಲು. ನಮ್ಮ ಸಣ್ಣ ಗುತ್ತೇದಾರ ಇಎಂಡಿಯ ಅಂಕಿಯನ್ನಷ್ಟೇ ನೋಡಿ ಹಣ ಹೊಂದಿಸಲು ಓಡುತ್ತಾನೆ. ಅವನನ್ನು ಹೊರಗಿಡುವ ಮಾತು ಆ ಕೊನೆಯ ಸಾಲಿನ ಹಿಂದೆ, ಪೂರ್ಣ ಟೆಂಡರು ದಾಖಲೆಯ ಅರ್ಹತೆಯ ಪುಟಗಳಲ್ಲಿದೆ.

ಒಂದು ಲೆಕ್ಕ ಮಾಡಿ ನೋಡೋಣ. ಇದು ಇಂಥ ಊರಿನ ಇಂಥ ಪ್ರಕಟಣೆಯೆಂದು ನಾವು ಹೇಳುತ್ತಿಲ್ಲ, ತಿಳಿಯಲೆಂದು ಹಿಡಿದ ಉದಾಹರಣೆ. ನಾಲ್ಕು ವಾರ್ಡುಗಳಲ್ಲಿ ನಾಲ್ಕು ಗಟಾರ, ಒಂದೊಂದಕ್ಕೆ 15 ಲಕ್ಷ ರೂಪಾಯಿ. ನಾಲ್ಕನ್ನೂ ಕೂಡಿಸಿ 60 ಲಕ್ಷದ ಒಂದು 'ಪ್ಯಾಕೇಜು' ಮಾಡಿದ್ದಾರೆ. ಅವಧಿ ಆರು ತಿಂಗಳು. ಇಎಂಡಿ ಶೇಕಡಾ 2.5, ಎಂದರೆ ಒಂದೂವರೆ ಲಕ್ಷ.

ಮೊದಲು ಈ ಇಎಂಡಿಯ ಮಾತು. ಹಿರಿಯರು ಇದನ್ನು ಬಯಾನಾ ಎನ್ನುತ್ತಿದ್ದರು. ಟೆಂಡರು ಸಿಗದಿದ್ದರೆ ಹಣ ಮರಳಿ ಬರುತ್ತದೆ, ಆದ್ದರಿಂದ ನಷ್ಟವಿಲ್ಲವೆಂದು ಕಚೇರಿಯವರು ಸಮಾಧಾನ ಹೇಳುತ್ತಾರೆ. ಮರಳಿ ಬರುವುದು ಯಾವಾಗ? ದರಪತ್ರದ ಊರ್ಜಿತಾವಧಿ ಸಾಮಾನ್ಯವಾಗಿ 90 ದಿನ. ಅದು ಮುಗಿದ ಮೇಲೆ 30 ದಿನಗಳೊಳಗೆ ಹಿಂತಿರುಗಿಸುವೆವೆಂದು ದಾಖಲೆಯಲ್ಲಿ ಬರೆದಿದ್ದರೆ ಒಟ್ಟು ನಾಲ್ಕು ತಿಂಗಳಾಯಿತು. ಮನೆಯಲ್ಲಿ ಹಣವಿಲ್ಲದವನು ತಿಂಗಳಿಗೆ ನೂರಕ್ಕೆ 3ರ ಬಡ್ಡಿಯಂತೆ ಕೈಗಡ ತಂದನೆನ್ನೋಣ. ತಿಂಗಳಿಗೆ 4,500 ರೂಪಾಯಿ, ನಾಲ್ಕು ತಿಂಗಳಿಗೆ 18,000. ಕೆಲಸ ಸಿಗಲಿಲ್ಲ, ಒಂದು ಬುಟ್ಟಿ ಮಣ್ಣು ಎತ್ತಲಿಲ್ಲ, ಆದರೂ 18,000 ಹೋಯಿತು. ವರ್ಷಕ್ಕೆ ಮೂರು ಟೆಂಡರು ಹಾಕಿ ಮೂರರಲ್ಲೂ ಸೋತವನ ಪಾಡು ಏನು? ದೊಡ್ಡ ಸಾಹುಕಾರನಿಗೆ ಇದು ಪೆಟ್ಟಿಗೆಯಲ್ಲಿ ಸುಮ್ಮನೆ ಕುಳಿತ ಹಣ. ಸಣ್ಣವನಿಗೆ ಹೆಂಡತಿಯ ಕೊರಳಿನದು.

ಬಯಾನಾ ಮುಟ್ಟುಗೋಲಾಗುವ ಸಂದರ್ಭಗಳನ್ನೂ ತಿಳಿದಿರಬೇಕು. ಟೆಂಡರು ತೆರೆದ ಮೇಲೆ, ಊರ್ಜಿತಾವಧಿಯೊಳಗೆ ಹಿಂದೆ ಸರಿದರೆ ಹೋಗುತ್ತದೆ. ಟೆಂಡರು ಸಿಕ್ಕೂ ಗಡುವಿನೊಳಗೆ ಕರಾರಿಗೆ ಸಹಿ ಹಾಕದಿದ್ದರೆ, ಇಲ್ಲವೆ ಭದ್ರತಾ ಠೇವಣಿ ಕಟ್ಟದಿದ್ದರೆ ಹೋಗುತ್ತದೆ. ಈ ಎರಡನೆಯದರಲ್ಲೇ ಸಣ್ಣವರು ಸಿಕ್ಕಿಬೀಳುತ್ತಾರೆ. ಭದ್ರತೆ ಶೇಕಡಾ 5 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಅದು 3 ಲಕ್ಷ. ಮೊದಲು ಕಟ್ಟಿದ ಒಂದೂವರೆ ಲಕ್ಷ ಬಿಡುಗಡೆಯಾಗುವುದು ಇದನ್ನು ಕಟ್ಟಿ ಸಹಿ ಮಾಡಿದ ಮೇಲೆಯೇ. ಎಂದರೆ ಕೆಲವು ದಿನವಾದರೂ ನಾಲ್ಕೂವರೆ ಲಕ್ಷ ಒಮ್ಮೆಗೇ ಕೈಯಲ್ಲಿರಬೇಕು. ಇಎಂಡಿಗೆ ಮಾತ್ರ ಸಾಲ ಎತ್ತಿ, ಗೆದ್ದ ಮೇಲೆ ನೋಡೋಣವೆಂದು ಟೆಂಡರು ಹಾಕಿದವನು ಗೆದ್ದೇ ಸೋಲುತ್ತಾನೆ.

ಇನ್ನು ಅರ್ಹತೆ. ದೊಡ್ಡ ಕಾಮಗಾರಿಗಳಿಗೆಂದು ಸರಕಾರ ಮಾಡಿದ ಮಾದರಿ ದಾಖಲೆಯೊಂದಿದೆ, ಕೆ.ಡಬ್ಲ್ಯು.-4 ಎಂದು ಅದರ ಹೆಸರು. ಸಣ್ಣ ಕಾಮಗಾರಿಗೆ ಇದಕ್ಕಿಂತ ಹಗುರಾದ ದಾಖಲೆಗಳು ಬೇರೆ ಇವೆ. ನಾಲ್ಕು ಗಟಾರಗಳನ್ನು ಒಟ್ಟು ಮಾಡಿದೊಡನೆ ಕೆಲಸ ಹಗುರ ದಾಖಲೆಯಿಂದ ಭಾರದ ದಾಖಲೆಯತ್ತ ಜಾರುತ್ತದೆ. ಆಗ ಎದುರಾಗುವ ಶರತ್ತುಗಳನ್ನು ನೋಡಿರಿ. ಕಳೆದ 5 ವರ್ಷಗಳಲ್ಲಿ ಯಾವುದಾದರೂ 2 ವರ್ಷ ಇಷ್ಟು ವಹಿವಾಟು ಮಾಡಿರಬೇಕು; ಅಂದಾಜಿನ ಎರಡು ಪಟ್ಟು ಕೇಳಿದರೆ 1 ಕೋಟಿ 20 ಲಕ್ಷ. ಇದೇ ತರದ ಒಂದು ಕೆಲಸವನ್ನು ಮುಖ್ಯ ಗುತ್ತೇದಾರನಾಗಿ ಮುಗಿಸಿರಬೇಕು; ಅರ್ಧದಷ್ಟು ಕೇಳಿದರೆ 30 ಲಕ್ಷದ್ದು. ಇದರ ಮೇಲೆ ಯಂತ್ರಗಳ ಪಟ್ಟಿ, ಬ್ಯಾಂಕಿನ ಪತ್ರ.

ಇವುಗಳ ನಡುವೆ ಯಾರ ಕಣ್ಣಿಗೂ ಬೀಳದ ಒಂದು ಸೂತ್ರವಿದೆ. ಟೆಂಡರು ಸಾಮರ್ಥ್ಯ = A × N × 1.5 − B. A ಎಂದರೆ ಕಳೆದ 5 ವರ್ಷಗಳಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವರ್ಷದ ಮೊತ್ತ. N ಎಂದರೆ ಈ ಕಾಮಗಾರಿಗೆ ಕೊಟ್ಟ ಅವಧಿ, ವರ್ಷಗಳಲ್ಲಿ. B ಎಂದರೆ ಆ ಅವಧಿಯಲ್ಲಿ ಮಾಡಿ ಮುಗಿಸಬೇಕಾದ, ಕೈಯಲ್ಲಿರುವ ಬೇರೆ ಕೆಲಸಗಳ ಮೊತ್ತ. ಬಂದ ಉತ್ತರ ಟೆಂಡರಿನ ಮೊತ್ತಕ್ಕಿಂತ ಕಡಿಮೆಯಿದ್ದರೆ ನೀವು ಅನರ್ಹರು.

ಒಬ್ಬ ಗುತ್ತೇದಾರ ಒಳ್ಳೆಯ ವರ್ಷದಲ್ಲಿ 40 ಲಕ್ಷದ ಕೆಲಸ ಮಾಡಿದ್ದಾನೆ, ಈಗ ಕೈ ಬರಿದಾಗಿದೆ ಎನ್ನೋಣ. ಅವಧಿ ಒಂದು ವರ್ಷವಿದ್ದರೆ 40ಕ್ಕೆ 1.5ರಿಂದ ಗುಣಿಸಿ 60 ಲಕ್ಷ. ಅವನು ಸರಿಯಾಗಿ ಹೊಸ್ತಿಲು ದಾಟುತ್ತಾನೆ. ಅವಧಿಯನ್ನು ಆರು ತಿಂಗಳು ಮಾಡಿದರೆ N ಅರ್ಧವಾಯಿತು, ಅವನ ಸಾಮರ್ಥ್ಯ 30 ಲಕ್ಷಕ್ಕೆ ಇಳಿಯಿತು. ಅವನ ಕೈ ಸಣ್ಣದಾಗಲಿಲ್ಲ, ಅವನ ಗವಂಡಿಗಳು ಓಡಿಹೋಗಲಿಲ್ಲ. ಕಚೇರಿಯಲ್ಲಿ ಯಾರೋ ಹನ್ನೆರಡು ಎಂಬಲ್ಲಿ ಆರು ಎಂದು ಬರೆದರು, ಅಷ್ಟೆ. ಬೇಗ ಕೆಲಸ ಮುಗಿಯಲೆಂದು ಹೀಗೆ ಮಾಡಿದೆವೆಂದು ಹೇಳಿದರೆ ಊರವರೂ ತಲೆದೂಗುತ್ತಾರೆ!

ಅದೇ ನಾಲ್ಕು ಗಟಾರಗಳನ್ನು ಬೇರೆ ಬೇರೆಯಾಗಿ ಕರೆದರೆಂದು ಹಿಡಿಯಿರಿ. ಅವೇ ಭಾರದ ಶರತ್ತುಗಳನ್ನು, ಅದೇ ಪ್ರಮಾಣದಲ್ಲಿ, ಅದೇ ಆರು ತಿಂಗಳಿಗೆ ಇಟ್ಟರೂ ಇಎಂಡಿ ಒಂದಕ್ಕೆ 37,500 ರೂಪಾಯಿ. ಹಿಂದಿನ ಅನುಭವ ಏಳೂವರೆ ಲಕ್ಷದ್ದು ಸಾಕು. ವಹಿವಾಟು 30 ಲಕ್ಷ. 30 ಲಕ್ಷದ ಸಾಮರ್ಥ್ಯವಿರುವ ನಮ್ಮ ಮನುಷ್ಯ ಈಗ ಒಂದಲ್ಲ, ಎರಡು ಗಟಾರ ಹಿಡಿಯಬಲ್ಲ. ಊರಿನ ಮೂರು-ನಾಲ್ಕು ಮಂದಿ ಪೈಪೋಟಿಗೆ ಬರುತ್ತಾರೆ, ದರ ಇಳಿಯುತ್ತದೆ.

ಪ್ಯಾಕೇಜಾದಾಗ ಆಗುವುದೇನು? ಟೆಂಡರು ಎರಡು ಲಕೋಟೆಯದಾಗಿದ್ದರೆ ಮೊದಲು ತೆರೆಯುವುದು ಅರ್ಹತೆಯ ಲಕೋಟೆ. ಅಲ್ಲಿ ಬಿದ್ದವನ ದರದ ಲಕೋಟೆಯನ್ನು ತೆರೆಯುವುದೇ ಇಲ್ಲ. ಊರಿನಲ್ಲೇ ಅತಿ ಕಡಿಮೆ ದರ ಅದರಲ್ಲಿದ್ದರೂ ಯಾರಿಗೂ ತಿಳಿಯದು. ಕೆಲಸ ಹೊರಗಿನ ದೊಡ್ಡ ಗುತ್ತೇದಾರನಿಗೆ ಹೋಗುತ್ತದೆ. ಅವನೇನು ಬಂದು ಬುಟ್ಟಿ ಹೊರುತ್ತಾನೆಯೆ? ಅರ್ಹತೆಯಿಲ್ಲವೆಂದು ಹೊರಗಟ್ಟಿದ ಅದೇ ಸಣ್ಣವನನ್ನು ಕರೆದು ತುಂಡು ಗುತ್ತಿಗೆ ಕೊಡುತ್ತಾನೆ. ನಡುವಿನ ಲಾಭ ತೆಗೆದ ಮೇಲೆ ಉಳಿದ ದರದಲ್ಲಿ ಸಿಮೆಂಟು ಕಡಿಮೆಯಾಗುತ್ತದೆ, ಉಸುಕು ಹೆಚ್ಚಾಗುತ್ತದೆ, ಕೂಲಿಯ ಬಟವಡೆ ತಡವಾಗುತ್ತದೆ. ಕೆಲಸ ಮುಗಿದ ಪ್ರಮಾಣಪತ್ರ ಬರುವುದು ದೊಡ್ಡವನ ಹೆಸರಿಗೆ. ಮುಂದಿನ ವರ್ಷ 'ಮುಖ್ಯ ಗುತ್ತೇದಾರನಾಗಿ ಮಾಡಿದ ಕೆಲಸ ತೋರಿಸು' ಎಂದಾಗ ಗಟಾರ ಕಟ್ಟಿದವನ ಕೈ ಮತ್ತೆ ಬರಿದು. ಹತ್ತು ವರ್ಷ ದುಡಿದರೂ ಕಾಗದದ ಮೇಲೆ ಅವನು ಹೊಸಬ.

ಶರತ್ತಿಲ್ಲದಿದ್ದರೆ ಅರ್ಧಕ್ಕೆ ಬಿಟ್ಟು ಓಡಿಹೋಗುತ್ತಾರೆಂದು ಎಂಜಿನಿಯರರು ಹೇಳುವ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ನೀರಿನ ಮೇಲ್ತೊಟ್ಟಿ ಕಟ್ಟಲು ಹಿಂದೆ ಕಟ್ಟಿದವನೇ ಬೇಕು. ಆದರೆ ಮೂರು ಅಡಿ ಗಟಾರಕ್ಕೆ? ಓಡಿಹೋಗದಂತೆ ತಡೆಯಲೆಂದೇ ಭದ್ರತಾ ಠೇವಣಿಯಿದೆ, ಪ್ರತಿ ಬಿಲ್ಲಿನಲ್ಲಿ ಹಿಡಿದಿಡುವ ಹಣವಿದೆ. ಅವೆಲ್ಲ ಇದ್ದೂ ಕೋಟಿಯ ವಹಿವಾಟು ಕೇಳುವುದು ಯಾರ ಹಿತಕ್ಕೆ?

ಕೋರ್ಟಿಗೆ ಹೋದರೆ ಸರಿಹೋಗುತ್ತದೆಂದು ನಂಬಿ ಕೂಡುವುದು ಬೇಡ. ರಾಜ್ಯ ರಸ್ತೆ ಸಾರಿಗೆ ನಿಗಮ ಟಯರು ಖರೀದಿಯ ಟೆಂಡರಿನಲ್ಲಿಟ್ಟ ಅರ್ಹತೆಯ ಶರತ್ತುಗಳ ವಿರುದ್ಧ ಮಿಷಿಗನ್ ರಬ್ಬರ್ ಎಂಬ ಕಂಪನಿ ಸುಪ್ರೀಂ ಕೋರ್ಟಿನ ತನಕ ಹೋಯಿತು. 2012ರಲ್ಲಿ ಅದು ಸೋತಿತು. ಶರತ್ತು ಇಡುವುದು ಟೆಂಡರು ಕರೆಯುವವರ ಅಧಿಕಾರ, ಮನಬಂದಂತೆ ಅಥವಾ ದುರುದ್ದೇಶದಿಂದ ಇಟ್ಟುದು ಕಂಡಲ್ಲದೆ ಕೋರ್ಟು ಕೈಹಾಕುವುದಿಲ್ಲವೆಂಬುದು ಅದರ ಸಾರ. 1999ರ ಕಾಯದೆಯ 16ನೆಯ ಕಲಮಿನಲ್ಲಿ ಮೇಲ್ಮನವಿಯ ಹಕ್ಕಿದೆ, 30 ದಿನಗಳೊಳಗೆ. ಆದರೆ ಅದು ಟೆಂಡರು ಒಪ್ಪಿದ ಆದೇಶದ ಮೇಲೆ, ಟೆಂಡರು ಹಾಕಿದವನಿಗೆ. ಶರತ್ತು ನೋಡಿ ಹೆದರಿ ಮನೆಯಲ್ಲೇ ಕುಳಿತವನಿಗೆ ಅದೂ ಇಲ್ಲ.

ಹೀಗಾಗಿ ಮಾತಾಡಬೇಕಾದ ಸಮಯ ಪ್ರಕಟಣೆ ಬಂದ ಮೊದಲ ವಾರ. ಪೂರ್ಣ ದಾಖಲೆ ತೆಗೆದು, ಇಎಂಡಿಗೆ ಸಾಲ ಮಾಡುವ ಮೊದಲು ಮೇಲಿನ ಸೂತ್ರದಲ್ಲಿ ನಿಮ್ಮ ಅಂಕಿ ಹಾಕಿ ನೋಡಿರಿ. ಸಾಲದೆ ಬಂದರೆ ಹಣ ಕಟ್ಟಬೇಡಿ. ಸ್ಪಷ್ಟೀಕರಣ ಕೇಳಲು ದಾಖಲೆಯಲ್ಲಿ ಒಂದು ಗಡುವು ಕೊಟ್ಟಿರುತ್ತಾರೆ. ಅದರೊಳಗೆ ಮುಖ್ಯಾಧಿಕಾರಿಗೆ ಲಿಖಿತವಾಗಿ ಬರೆಯಿರಿ: ಬೇರೆ ಬೇರೆ ವಾರ್ಡಿನ ನಾಲ್ಕು ಕೆಲಸಗಳನ್ನು ಒಂದು ಮಾಡಿದ ಕಾರಣವೇನು, ಆರು ತಿಂಗಳ ಅವಧಿಯನ್ನು ಯಾವ ಲೆಕ್ಕದಿಂದ ಗೊತ್ತುಮಾಡಿದಿರಿ? ಒಬ್ಬೊಬ್ಬರೇ ಬರೆಯದೆ ಊರಿನ ಗುತ್ತೇದಾರರೆಲ್ಲ ಕೂಡಿ ಸಹಿ ಹಾಕಿರಿ, ಒಂದು ಪ್ರತಿಯನ್ನು ವಾರ್ಡಿನ ಸದಸ್ಯನ ಕೈಗೆ ಕೊಡಿರಿ. ಶರತ್ತು ಬದಲಿಸುವುದಾದರೆ ಟೆಂಡರಿನ ಕೊನೆಯ ದಿನದೊಳಗೆ ತಿದ್ದುಪಡಿ ಹೊರಡಿಸಲು ಕಚೇರಿಗೆ ದಾರಿಯಿದೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಅದೇ ದಿನ ಹತ್ತು ರೂಪಾಯಿ ಕಟ್ಟಿ ಹಾಕಿರಿ. ಅದರ ಉತ್ತರಕ್ಕೆ 30 ದಿನಗಳ ಅವಕಾಶವಿರುವುದರಿಂದ ಈ ಟೆಂಡರಿಗೆ ಒದಗಲಾರದು. ಪ್ಯಾಕೇಜು ಮಾಡಲು ಟಿಪ್ಪಣಿ ಬರೆದವರು ಯಾರು, ಒಪ್ಪಿದವರು ಯಾರು ಎಂಬುದು ಅದರಿಂದ ಕೈಗೆ ಬಂದರೆ, ಮುಂದಿನ ಸಾಮಾನ್ಯ ಸಭೆಯಲ್ಲಿ ಆ ಕಾಗದವನ್ನು ಮೇಜಿನ ಮೇಲಿಟ್ಟು ಕೇಳುವಂತೆ ನಿಮ್ಮ ಸದಸ್ಯನಿಗೆ ಹೇಳಿರಿ.