ನನ್ನ ಹೆಸರು, ಅವರ ಜಾಹೀರಾತು

ಶಿರಾ ಗೇಟ್ ಬಳಿಯ ನಮ್ಮ ಮೊಹಲ್ಲಾದಲ್ಲಿ ಯಾರಾದರೂ ಮರಣ ಹೊಂದಿದರೆ ಜನಾಝಾ ನಮಾಝಿನ ಸಮಯವನ್ನು ಫೇಸ್‌ಬುಕ್ಕಿನಲ್ಲಿ ತಿಳಿಸುವ ರೂಢಿಯನ್ನು ನಾನು ಹಲವು ವರ್ಷಗಳಿಂದ ಇಟ್ಟುಕೊಂಡಿದ್ದೇನೆ. ಶಿಕ್ಷಕನಾಗಿ ನಿವೃತ್ತನಾದವನಾದ್ದರಿಂದ ಹಳೆಯ ವಿದ್ಯಾರ್ಥಿಗಳೂ ಅವರ ಮನೆಯವರೂ ಅದನ್ನು ಓದುತ್ತಾರೆ. ಅಂಥ ಪ್ರಕಟಣೆಗಳ ಕೆಳಗೆ ಒಬ್ಬ ತರುಣ ಪ್ರತಿಕ್ರಿಯೆ ಬರೆಯತೊಡಗಿದ. ಮೊದಲು ದುಆ, ಬಳಿಕ ನಿವೇಶನದ ಜಾಹೀರಾತು, ಆಮೇಲೆ ತಿಂಗಳಿಗಿಷ್ಟು ಲಾಭವೆಂಬ ಯೋಜನೆ. ಪ್ರತಿಯೊಂದರಲ್ಲೂ ನನ್ನ ಹೆಸರಿಗೆ ಟ್ಯಾಗ್.

ಕೆಲಕಾಲ ಸುಮ್ಮನಿದ್ದೆ. ಹುಡುಗ ಹೊಟ್ಟೆಪಾಡಿಗೆ ಮಾಡುತ್ತಿದ್ದಾನೆ, ನನಗೇನು ನಷ್ಟ ಎಂದುಕೊಂಡೆ. ಹಾಗೆ ಎಣಿಸಿದ್ದು ತಪ್ಪೆಂದು ತಿಳಿದದ್ದು ಒಬ್ಬ ವಿಧವೆ ತಾಯಿ ಫೋನ್ ಮಾಡಿದ ದಿನ. “ಮೇಷ್ಟ್ರೇ, ಆ ಸ್ಕೀಮಿನಲ್ಲಿ ನಿಮ್ಮ ಹೆಸರಿತ್ತಲ್ಲ, ನೀವೂ ಹಾಕಿದ್ದೀರಾ? ಮಗಳ ನಿಕಾಹ್‌ಗೆಂದು ಇಟ್ಟ ಹಣವಿದೆ” ಎಂದರು. ನಾನು ಒಂದು ಪೈಸೆಯನ್ನೂ ಹಾಕಿರಲಿಲ್ಲ, ಆ ಯೋಜನೆಯ ಕುರಿತು ಒಂದಕ್ಷರವನ್ನೂ ಬರೆದಿರಲಿಲ್ಲ. ಆದರೂ ಅವರ ಕಣ್ಣಿಗೆ ನಾನು ಜಾಮೀನುದಾರನಾಗಿದ್ದೆ.

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಹಲಾಲ್ ಹೂಡಿಕೆಯೆಂದು ನಂಬಿದ್ದ ಸಾವಿರಾರು ಮುಸ್ಲಿಂ ಕುಟುಂಬಗಳು ಉಳಿತಾಯ ಕಳೆದುಕೊಂಡವು. ಅವರಲ್ಲಿ ಅನೇಕರು ಬಲ್ಲವರ ಮಾತಿನ ಮೇಲೆ ಹಣ ಹಾಕಿದ್ದರು. ಅದೇ ವರ್ಷ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯು ಇಂಥ ಠೇವಣಿ ಸಂಗ್ರಹಿಸುವುದನ್ನು ಮಾತ್ರವಲ್ಲ, ಅದಕ್ಕಾಗಿ ಜಾಹೀರಾತು ನೀಡುವುದನ್ನೂ ನಿಷೇಧಿಸಿದೆ. ಹೀಗಿರುವಾಗ ನಮ್ಮ ಹೆಸರು ಎಲ್ಲಿ ತೂಗುತ್ತಿದೆ ಎಂಬುದನ್ನು ಹಗುರವಾಗಿ ಕಾಣಲಾಗದು.

ಟ್ಯಾಗ್ ಎಂದರೆ ಕೇವಲ ಕರೆಯುವುದಲ್ಲ. ಯಾರಾದರೂ ತಮ್ಮ ಪೋಸ್ಟಿಗೆ ನಿಮ್ಮನ್ನು ಟ್ಯಾಗ್ ಮಾಡಿದರೆ, ನಿಮ್ಮ ಸೆಟ್ಟಿಂಗ್ ಹೇಗಿದೆಯೋ ಅದರಂತೆ ನಿಮ್ಮ ಸ್ನೇಹಿತರ ಬಳಗಕ್ಕೂ ಅದು ಕಾಣಿಸಬಹುದು. ಜಾಹೀರಾತುದಾರನಿಗೆ ಬೇಕಾದುದು ನಿಮ್ಮ ಅಭಿಪ್ರಾಯವಲ್ಲ, ನಿಮ್ಮನ್ನು ನಂಬುವ ಆ ಬಳಗ.

ನಾನು ಮೊದಲು ಖಾಸಗಿಯಾಗಿ ಬರೆದೆ. ಸಾರ್ವಜನಿಕವಾಗಿ ಗದರಿದ್ದರೆ ಅವನ ಮರ್ಯಾದೆ ಹೋಗುತ್ತಿತ್ತು. ಜಾಹೀರಾತಿನ ಕೆಳಗೆ ವಾದಕ್ಕಿಳಿದಿದ್ದರೆ ಅದನ್ನೇ ಇನ್ನಷ್ಟು ಜನ ನೋಡುತ್ತಿದ್ದರು. ಬರೆದದ್ದು ಇಷ್ಟೇ: “ಅಸ್ಸಲಾಮು ಅಲೈಕುಂ. ಮಗೂ, ನಿವೇಶನ ಮತ್ತು ಹೂಡಿಕೆಯ ಪೋಸ್ಟುಗಳಿಗೆ ನನ್ನನ್ನು ಟ್ಯಾಗ್ ಮಾಡಬೇಡ. ನಾನು ಸೇರಿದ್ದೇನೆಂದು ಜನ ತಿಳಿಯುತ್ತಿದ್ದಾರೆ. ಹಾಕಿರುವುದನ್ನು ಇಂದೇ ತೆಗೆದುಬಿಡು. ಮತ್ತೆ ಮಾಡಿದರೆ ಬ್ಲಾಕ್ ಮಾಡುತ್ತೇನೆ. ಮನೆಗೆ ಬಾ, ಮಾತಿಗೆ ಯಾವಾಗಲೂ ಸ್ವಾಗತ.” ಏನು ಬೇಡ, ಏಕೆ ಬೇಡ, ಮುಂದೇನಾಗುತ್ತದೆ ಎಂಬ ಮೂರೂ ಅದರಲ್ಲಿರಬೇಕಿತ್ತು. “ಸ್ವಲ್ಪ ಕಡಿಮೆ ಮಾಡಪ್ಪ” ಎಂದಿದ್ದರೆ ವಾರಕ್ಕೊಂದು ಬರುತ್ತಿತ್ತು.

“ಆಯ್ತು ಸರ್” ಎಂಬ ಉತ್ತರ ಬಂತು, ನಾಲ್ಕನೆಯ ದಿನ ಮತ್ತೊಂದು ಟ್ಯಾಗೂ ಬಂತು. ಆಗ ಸೆಟ್ಟಿಂಗಿಗೆ ಹೋದೆ. `Profile and tagging` ಎಂಬಲ್ಲಿ, ಇತರರು ಟ್ಯಾಗ್ ಮಾಡಿದ ಪೋಸ್ಟು ನನ್ನ ಪುಟದಲ್ಲಿ ಕಾಣುವ ಮೊದಲು ನನ್ನ ಒಪ್ಪಿಗೆ ಕೇಳುವಂತೆ ಮಾಡಿದೆ. ಇದಕ್ಕೊಂದು ಮಿತಿಯಿದೆ: ನನ್ನ ಪುಟಕ್ಕೆ ಬಾರದಿದ್ದರೂ ಅವನ ಪೋಸ್ಟಿನಲ್ಲಿ ನನ್ನ ಹೆಸರು ಉಳಿದೇ ಇರುತ್ತದೆ. ಆದ್ದರಿಂದ ಆ ಪೋಸ್ಟಿನ ಮೂರು ಚುಕ್ಕೆಗಳನ್ನೊತ್ತಿ `Remove tag` ಎಂಬುದನ್ನು ಆರಿಸಿ, ಒಂದೊಂದನ್ನೇ ಕೈಯಾರೆ ತೆಗೆಯಬೇಕಾಯಿತು. ಕೊನೆಗೆ ಬ್ಲಾಕ್ ಮಾಡಿದೆ. ನನ್ನ ಪುಟದಲ್ಲಿ ಅವನ ಹೆಸರೆತ್ತದೆ, ಯಾವ ಹೂಡಿಕೆಗೂ ನನ್ನ ಶಿಫಾರಸಿಲ್ಲ ಎಂದು ಒಂದು ಸಾಲು ಬರೆದೆ. ಆ ತಾಯಿಗೂ ಫೋನ್ ಮಾಡಿ ಅದನ್ನೇ ಹೇಳಿದೆ. ಹಣ ಇನ್ನೂ ಬ್ಯಾಂಕಿನಲ್ಲೇ ಇತ್ತು, ಅಲ್‌ಹಮ್ದುಲಿಲ್ಲಾಹ್.

ಒಬ್ಬ ಮುಸ್ಲಿಂ ಸಹೋದರನನ್ನು ಬ್ಲಾಕ್ ಮಾಡುವುದು ಸಂಬಂಧ ಕಡಿದಂತಲ್ಲವೇ ಎಂದು ಕೆಲವರು ಕೇಳಿದರು. ಸಲಾಮ್ ನಿಲ್ಲಿಸಿದರೆ ಅದು ಕಡಿದಂತೆ. ಬಾಗಿಲು ಹಾಕುವುದು ಬೇರೆ. ಸೂರಃ ಅನ್ನೂರ್‌ನ 27 ಮತ್ತು 28ನೆಯ ವಚನಗಳು ಪರರ ಮನೆಯನ್ನು ಅನುಮತಿ ಪಡೆದು, ಸಲಾಮ್ ಹೇಳಿ ಪ್ರವೇಶಿಸಲು ಕಲಿಸುತ್ತವೆ; ಮರಳಿ ಹೋಗಿರೆಂದರೆ ಮರಳುವಂತೆಯೂ ಕಲಿಸುತ್ತವೆ. ಅನುಮತಿಯನ್ನು ಮೂರು ಬಾರಿ ಕೇಳಿ, ಸಿಗದಿದ್ದರೆ ಹಿಂದಿರುಗಬೇಕೆಂಬುದು ಪ್ರವಾದಿ(ಸ)ಯವರ ಬೋಧನೆ. ಇವನು ಒಮ್ಮೆಯೂ ಕೇಳಿರಲಿಲ್ಲ. ಹೆಸರೂ ಮನೆಯಂತೆಯೇ ಎಂಬುದು ನನ್ನ ಅಭಿಪ್ರಾಯ.

ಮೊನ್ನೆ ಜುಮಾ ಮುಗಿದ ಮೇಲೆ ಮಸೀದಿಯ ಹೊರಗೆ ಅವನು ಎದುರಾದ. ಸಲಾಮ್ ನಾನೇ ಮೊದಲು ಹೇಳಿದೆ. ತಲೆ ತಗ್ಗಿಸಿ, “ಸರ್, ಮನೆ ಬಾಡಿಗೆಗಿದೆ, ನಿಮ್ಮ ಪುಟದಲ್ಲಿ ಹಾಕಬಹುದೇ?” ಎಂದು ಕೇಳಿದ. ಬೇಡ ಎಂದೆ. ಸರಿ ಸರ್ ಎಂದು ಚಪ್ಪಲಿ ಹುಡುಕತೊಡಗಿದ.