ಚೆನ್ನೈಗೆ ಸಮಯಕ್ಕೆ ಸರಿಯಾಗಿ, ಕಾಟ್ಪಾಡಿಗೆ ತಡವಾಗಿ: ರೈಲಿನ ಸಮಯಪಾಲನೆ ಅಂಕಿ ಯಾವ ನಿಲ್ದಾಣದ್ದು?

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ರೈಲು ಹತ್ತಿದವರೆಲ್ಲ ಚೆನ್ನೈಗೇ ಹೋಗುವುದಿಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಗೆ ಹೋಗುವ ರೋಗಿಗಳು ಮತ್ತು ಅವರ ಮನೆಯವರು ಚೆನ್ನೈಗಿಂತ ಸುಮಾರು 130 ಕಿ.ಮೀ. ಮೊದಲೇ, ಕಾಟ್ಪಾಡಿ ಜಂಕ್ಷನ್‌ನಲ್ಲಿ ಇಳಿಯುತ್ತಾರೆ. ವೈದ್ಯರ ಭೇಟಿಗೆ ಸಮಯ ನಿಗದಿ ಮಾಡಿಕೊಂಡು ಹೊರಟವರಿಗೆ ಬೇಕಾಗಿರುವುದು ರೈಲು ಕಾಟ್ಪಾಡಿಗೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬ ಮಾಹಿತಿ. ಆದರೆ ರೈಲ್ವೆ ಹೇಳುವ ಸಮಯಪಾಲನೆಯ ಶೇಕಡಾವಾರು ಅಂಕಿ ಲೆಕ್ಕ ಹಾಕುವುದು ರೈಲು ಚೆನ್ನೈ ಸೆಂಟ್ರಲ್ ತಲುಪಿದ ಹೊತ್ತನ್ನು ಮಾತ್ರ.

ಈ ಎರಡರ ನಡುವಿನ ಅಂತರ ಸಣ್ಣದಲ್ಲ. ರೈಲ್ವೆಯೇ ಪ್ರತಿದಿನ ತೋರಿಸುವ ನಿಲ್ದಾಣವಾರು ವಿಳಂಬದ ಮಾಹಿತಿಯನ್ನು ಕೂಡಿಟ್ಟು ಒಂದು ಡ್ಯಾಶ್‌ಬೋರ್ಡ್ ಮಾಡಿದರೆ ಅದು ಕಣ್ಣಿಗೆ ಕಾಣುತ್ತದೆ.

15 ನಿಮಿಷದ ರಿಯಾಯಿತಿ

ಭಾರತೀಯ ರೈಲ್ವೆಯ ಲೆಕ್ಕದಲ್ಲಿ ಮೇಲ್ ಅಥವಾ ಎಕ್ಸ್‌ಪ್ರೆಸ್ ರೈಲು ಕೊನೆಯ ನಿಲ್ದಾಣವನ್ನು ನಿಗದಿತ ಸಮಯದ 15 ನಿಮಿಷದೊಳಗೆ ತಲುಪಿದರೆ ಅದು ಸಮಯಕ್ಕೆ ಬಂದಂತೆ. ನಡುವಿನ ನಿಲ್ದಾಣಗಳಿಗೆ ಅರ್ಧ ಗಂಟೆ ತಡವಾಗಿ ಹೋಗಿದ್ದರೂ ಈ ಅಂಕಿಯಲ್ಲಿ ಅದು ಕಾಣುವುದಿಲ್ಲ.

ಇಲ್ಲಿಗೇ ಮುಗಿಯುವುದಿಲ್ಲ. ವೇಳಾಪಟ್ಟಿ ಹಾಕುವಾಗ ದಾರಿಯಲ್ಲಿ ಆಗುವ ತಡವನ್ನು ಸರಿದೂಗಿಸಲು ಕೆಲವು ಹೆಚ್ಚುವರಿ ನಿಮಿಷಗಳನ್ನು ಸೇರಿಸುತ್ತಾರೆ. ಹಳಿ ದುರಸ್ತಿ ನಡೆಯುವ ಕಡೆ ನಿಧಾನ ಹೋಗಬೇಕು, ಎದುರಾಗುವ ರೈಲಿಗೆ ದಾರಿ ಬಿಡಬೇಕು, ದೊಡ್ಡ ನಿಲ್ದಾಣದ ಹೊರಗೆ ಪ್ಲಾಟ್‌ಫಾರ್ಮ್ ಖಾಲಿಯಾಗುವವರೆಗೆ ಕಾಯಬೇಕು. ಇವಕ್ಕೆಲ್ಲ ಸಮಯ ಬೇಕೇ ಬೇಕು. ಪ್ರಶ್ನೆ ಏನೆಂದರೆ, ಆ ನಿಮಿಷಗಳ ಬಹುಪಾಲನ್ನು ಕೊನೆಯ ನಿಲ್ದಾಣಕ್ಕೆ ತೀರಾ ಹತ್ತಿರದಲ್ಲಿ ಇಟ್ಟರೆ ಏನಾಗುತ್ತದೆ?

ಚೆನ್ನೈನಲ್ಲಿ ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಪೆರಂಬೂರ್‌ನಿಂದ ಸೆಂಟ್ರಲ್‌ಗೆ ಇರುವುದು ಸುಮಾರು 6 ಕಿ.ಮೀ. ಒಂದೇ ರೈಲಿನ ಎರಡೂ ದಿಕ್ಕಿನ ವೇಳಾಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿ. ಸೆಂಟ್ರಲ್‌ನಿಂದ ಹೊರಡುವಾಗ ಈ ದೂರಕ್ಕೆ ಕೊಟ್ಟಿರುವ ಸಮಯಕ್ಕಿಂತ ಸೆಂಟ್ರಲ್‌ಗೆ ಬರುವಾಗ ಕೊಟ್ಟಿರುವ ಸಮಯ ಹಲವು ರೈಲುಗಳಲ್ಲಿ ಸಾಕಷ್ಟು ಹೆಚ್ಚಿರುತ್ತದೆ. ಬೇಸಿನ್ ಬ್ರಿಡ್ಜ್ ಬಳಿ ಅರಕ್ಕೋಣಂ ಮತ್ತು ಗುಡೂರು ಕಡೆಯ ಮಾರ್ಗಗಳು ಕೂಡುವುದರಿಂದ ಅಲ್ಲಿ ದಟ್ಟಣೆ ಇರುವುದು ನಿಜ. ಆದರೆ ದಟ್ಟಣೆ ಇಲ್ಲದ ದಿನ ಅದೇ ಹೆಚ್ಚುವರಿ ಸಮಯ ಹಿಂದಿನ ತಡವನ್ನು ನುಂಗಿಹಾಕುತ್ತದೆ. ರೈಲು ವೇಗವಾಗಿ ಓಡಿರುವುದಿಲ್ಲ, ಗಡಿಯಾರ ಮಾತ್ರ ಸಡಿಲವಾಗಿರುತ್ತದೆ.

ಒಂದು ದಿನದ ಲೆಕ್ಕ

ಉದಾಹರಣೆಗೆ ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಒಂದು ರೈಲನ್ನು ಕಲ್ಪಿಸಿಕೊಳ್ಳೋಣ. ಇಲ್ಲಿನ ನಿಮಿಷಗಳು ಲೆಕ್ಕದ ಕ್ರಮ ತೋರಿಸಲು ಕೊಟ್ಟವು, ಯಾವುದೇ ನಿಜವಾದ ರೈಲಿನವಲ್ಲ. ಅದು ಕೆ.ಆರ್. ಪುರಕ್ಕೆ 3 ನಿಮಿಷ, ಜೋಲಾರ್‌ಪೇಟೆಗೆ 14, ಕಾಟ್ಪಾಡಿಗೆ 25, ಅರಕ್ಕೋಣಂಗೆ 28, ಪೆರಂಬೂರ್‌ಗೆ 27 ನಿಮಿಷ ತಡವಾಗಿ ಬಂತು. ಚೆನ್ನೈ ಸೆಂಟ್ರಲ್‌ಗೆ ಬಂದಾಗ ತಡ ಬರೀ 12 ನಿಮಿಷ. ರೈಲ್ವೆಯ ಲೆಕ್ಕದಲ್ಲಿ ಈ ರೈಲು ಸಮಯಕ್ಕೆ ಬಂದಿದೆ.

ಒಂದು ನಿಲ್ದಾಣದ ತಡದಿಂದ ಹಿಂದಿನ ನಿಲ್ದಾಣದ ತಡವನ್ನು ಕಳೆದರೆ ಸಮಯ ಎಲ್ಲಿ ಹೋಯಿತು ಎಂಬುದು ಗೊತ್ತಾಗುತ್ತದೆ. ಕೆ.ಆರ್. ಪುರದಿಂದ ಜೋಲಾರ್‌ಪೇಟೆವರೆಗೆ 11 ನಿಮಿಷ ಹೋಯಿತು. ಅಲ್ಲಿಂದ ಕಾಟ್ಪಾಡಿಗೆ ಮತ್ತೆ 11 ನಿಮಿಷ. ಕೊನೆಯ 6 ಕಿ.ಮೀ.ನಲ್ಲಿ 15 ನಿಮಿಷ ವಾಪಸ್ ಬಂತು. ಸುಮ್ಮನೆ ಓಡಿ ಅಷ್ಟು ಸಮಯ ಉಳಿಸಲು ಆ ದೂರದಲ್ಲಿ ಸಾಧ್ಯವೇ ಇಲ್ಲ. ಹಾಗಾಗಿ ಅದು ವೇಳಾಪಟ್ಟಿಯಲ್ಲೇ ಇಟ್ಟಿದ್ದ ಸಮಯ.

ಈ ವ್ಯವಕಲನದಿಂದ ಇನ್ನೊಂದು ಲಾಭವೂ ಇದೆ. ಬೆಂಗಳೂರು ಕಡೆಯ ಮಾರ್ಗ ನೈಋತ್ಯ ರೈಲ್ವೆಯ ಕೈಯಲ್ಲಿದೆ. ಜೋಲಾರ್‌ಪೇಟೆ ಸಮೀಪದಿಂದ ಮುಂದಿನದು ದಕ್ಷಿಣ ರೈಲ್ವೆಯದು. ಕೊನೆಯ ನಿಲ್ದಾಣದ ಅಂಕಿಯೊಂದನ್ನೇ ನೋಡಿದರೆ ಯಾರ ವ್ಯಾಪ್ತಿಯಲ್ಲಿ ಎಷ್ಟು ತಡವಾಯಿತು ಎಂದು ಹೇಳಲಾಗದು. ನಿಲ್ದಾಣವಾರು ಅಂಕಿ ಇದ್ದರೆ ಹೇಳಬಹುದು.

ಹತ್ತು ದಿನ ನೋಡಿದರೆ

ಅದೇ ಕಾಲ್ಪನಿಕ ರೈಲಿನ ಹತ್ತು ದಿನಗಳ ದಾಖಲೆ ಹೀಗಿದೆ ಎಂದುಕೊಳ್ಳಿ. ಚೆನ್ನೈಯಲ್ಲಿ ಕ್ರಮವಾಗಿ 4, 0, 12, 9, 14, 3, 11, 70, 8 ಮತ್ತು 13 ನಿಮಿಷ ತಡ. ಕಾಟ್ಪಾಡಿಯಲ್ಲಿ ಅದೇ ದಿನಗಳಂದು 18, 6, 25, 22, 27, 16, 24, 82, 21 ಮತ್ತು 26 ನಿಮಿಷ.

ಚೆನ್ನೈಯಲ್ಲಿ ಹತ್ತರಲ್ಲಿ ಒಂಬತ್ತು ದಿನ ರೈಲು 15 ನಿಮಿಷದೊಳಗೆ ಬಂದಿದೆ, ಅಂದರೆ ಸಮಯಪಾಲನೆ ಶೇ 90. ಕಾಟ್ಪಾಡಿಯಲ್ಲಿ ಅದೇ ಅಳತೆಗೋಲಿನಿಂದ ಸಮಯಕ್ಕೆ ಬಂದದ್ದು ಒಂದೇ ದಿನ, ಅಂದರೆ ಶೇ 10. ಅದೇ ರೈಲು, ಅದೇ ದಿನಗಳು. ಬದಲಾದದ್ದು ನಾವು ನಿಂತು ನೋಡಿದ ನಿಲ್ದಾಣ ಮಾತ್ರ.

ಸರಾಸರಿಯನ್ನು ನಂಬಿದರೂ ಎಡವಬಹುದು. ಚೆನ್ನೈಯಲ್ಲಿ ಸರಾಸರಿ ತಡ 14.4 ನಿಮಿಷ. ಆದರೆ ಅದರಲ್ಲಿ ಅರ್ಧದಷ್ಟು ಪಾಲು 70 ನಿಮಿಷ ತಡವಾದ ಒಂದೇ ದಿನದ್ದು. ಹತ್ತು ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನದನ್ನು ತೆಗೆದುಕೊಂಡರೆ ಅದು 10 ನಿಮಿಷ. ಸಾಮಾನ್ಯ ದಿನದ ಚಿತ್ರ ಕೊಡುವುದು ಈ ಎರಡನೆಯ ಅಂಕಿ. ಒಳ್ಳೆಯ ಡ್ಯಾಶ್‌ಬೋರ್ಡ್ ಇದರ ಜೊತೆಗೆ 'ಹತ್ತರಲ್ಲಿ ಒಂಬತ್ತು ದಿನ ತಡ ಎಷ್ಟರೊಳಗೆ ಇತ್ತು' ಎಂಬುದನ್ನೂ ತೋರಿಸಬೇಕು.

ಮಾಹಿತಿ ಕೂಡಿಡುವಾಗ ಎಲ್ಲಿ ತಪ್ಪುತ್ತದೆ?

ರೈಲ್ವೆಯ ಎನ್‌ಟಿಇಎಸ್ ಜಾಲತಾಣ ಮತ್ತು ಆ್ಯಪ್‌ನಲ್ಲಿ ಪ್ರತಿ ರೈಲು ಪ್ರತಿ ನಿಲ್ದಾಣಕ್ಕೆ ಬಂದ ಹಾಗೂ ಹೊರಟ ಸಮಯ ಸಿಗುತ್ತದೆ. ಆದರೆ ಅಲ್ಲಿ ಕಾಣುವುದು ಇತ್ತೀಚಿನ ಕೆಲವೇ ದಿನಗಳ ಸಂಚಾರ. ತಿಂಗಳುಗಟ್ಟಲೆ ಚಿತ್ರ ಬೇಕಾದರೆ ಪ್ರತಿದಿನ ಬರೆದಿಟ್ಟುಕೊಳ್ಳುತ್ತಾ ಹೋಗಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಈ ಕಷ್ಟವಿಲ್ಲ. ಹಿಂದಿನ ದಿನದ ನಿಗದಿತ ಸಮಯ ಮತ್ತು ನಿಜವಾದ ಸಮಯಗಳ ಪೂರ್ಣ ಕಡತವನ್ನು ಅಲ್ಲಿ ಪ್ರತಿದಿನ ಎಲ್ಲರಿಗೂ ಮುಕ್ತವಾಗಿ ಕೊಡುತ್ತಾರೆ.

ಬರೆದಿಡುವಾಗ ಮೊದಲ ತಪ್ಪು ಆಗುವುದು ದಿನಾಂಕದಲ್ಲಿ. ರಾತ್ರಿ 11.50ಕ್ಕೆ ಬರಬೇಕಾದ ರೈಲು 12.10ಕ್ಕೆ ಬಂದರೆ ತಡ 20 ನಿಮಿಷ. ದಿನಾಂಕ ನೋಡದೆ ಗಡಿಯಾರದ ಅಂಕಿಗಳನ್ನಷ್ಟೇ ಕಳೆದರೆ ರೈಲು 23 ಗಂಟೆ 40 ನಿಮಿಷ ಮೊದಲೇ ಬಂದಿದೆ ಎಂಬ ಉತ್ತರ ಬರುತ್ತದೆ. ಅದಕ್ಕೇ ಪ್ರತಿ ಸಾಲನ್ನೂ ರೈಲು ತನ್ನ ಮೊದಲ ನಿಲ್ದಾಣದಿಂದ ಹೊರಟ ದಿನಾಂಕದ ಹೆಸರಿನಲ್ಲೇ ದಾಖಲಿಸಬೇಕು.

ಎರಡನೆಯದು ಓಡದ ರೈಲು. ರದ್ದಾದ ರೈಲಿಗೆ ತಡವೇ ಇರುವುದಿಲ್ಲ, ಹಾಗಾಗಿ ಅದು ಲೆಕ್ಕದಿಂದಲೇ ಮಾಯವಾಗುತ್ತದೆ. ಮಳೆಗಾಲದಲ್ಲಿ ಚೆನ್ನೈ ಹಳಿಗಳ ಮೇಲೆ ನೀರು ನಿಂತು ರೈಲುಗಳು ರದ್ದಾದ ವಾರದಲ್ಲಿ ಉಳಿದ ಕೆಲವು ರೈಲುಗಳು ಚೆನ್ನಾಗಿ ಓಡಿದರೆ ಶೇಕಡಾವಾರು ಅಂಕಿ ಏರಲೂಬಹುದು. 2020ರ ಜುಲೈ 1ರಂದು ದೇಶದ ಎಲ್ಲ ರೈಲುಗಳೂ ಸಮಯಕ್ಕೆ ಓಡಿದವು, ಇದು ಶೇ 100ರ ಸಾಧನೆ ಎಂದು ರೈಲ್ವೆ ಪ್ರಕಟಿಸಿತ್ತು. ಕೋವಿಡ್ ನಿರ್ಬಂಧದ ಆ ದಿನ ಲೆಕ್ಕದಲ್ಲಿದ್ದ ರೈಲುಗಳು 201 ಮಾತ್ರ. ಆದ್ದರಿಂದ ಎಷ್ಟು ರೈಲು ಓಡಬೇಕಿತ್ತು, ಎಷ್ಟು ಓಡಿದವು ಎಂಬ ಅಂಕಿ ಶೇಕಡಾವಾರಿನ ಪಕ್ಕದಲ್ಲೇ ಇರಬೇಕು.

ಮೂರನೆಯದು ವೇಳಾಪಟ್ಟಿಯ ಬದಲಾವಣೆ. ಹೊಸ ವೇಳಾಪಟ್ಟಿಯಲ್ಲಿ ಒಂದು ರೈಲಿಗೆ 20 ನಿಮಿಷ ಹೆಚ್ಚು ಕೊಟ್ಟರೆ ಮರುದಿನದಿಂದ ಅದರ ತಡ 20 ನಿಮಿಷ ಇಳಿಯುತ್ತದೆ. ಪ್ರಯಾಣಿಕ ಮನೆ ಸೇರುವ ಹೊತ್ತು ಮಾತ್ರ ಬದಲಾಗಿರುವುದಿಲ್ಲ. ಹಳೆಯ ವೇಳಾಪಟ್ಟಿಯ ಪ್ರತಿ ಉಳಿಸಿಕೊಂಡು, ಒಟ್ಟು ಪ್ರಯಾಣಕ್ಕೆ ನಿಜವಾಗಿ ಹಿಡಿದ ಸಮಯವನ್ನೂ ತೋರಿಸಿದರೆ ಈ ಬದಲಾವಣೆ ಸಿಕ್ಕಿಬೀಳುತ್ತದೆ.

ಬರೆಯುವ ಕೈ ಬದಲಾದಾಗ

ಸಮಯವನ್ನು ಯಾರು ದಾಖಲಿಸುತ್ತಾರೆ ಎಂಬುದೂ ಅಂಕಿಯನ್ನು ಬದಲಿಸುತ್ತದೆ. ಹಿಂದೆ ನಿಲ್ದಾಣದ ಸಿಬ್ಬಂದಿ ಕೊಟ್ಟ ಸಮಯವೇ ಆಧಾರವಾಗಿತ್ತು. 2018ರಲ್ಲಿ ಪ್ರಮುಖ ಕಡೆಗಳಲ್ಲಿ ಸಿಗ್ನಲ್ ವ್ಯವಸ್ಥೆಗೆ ಜೋಡಿಸಿದ ಡೇಟಾ ಲಾಗರ್‌ಗಳಿಂದ ಸಮಯ ಪಡೆಯಲು ಶುರು ಮಾಡಿದರು. ಆ ವರ್ಷ ಸಮಯಪಾಲನೆ ಕುಸಿದದ್ದಕ್ಕೆ ರೈಲ್ವೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಮಹಾಲೇಖಪಾಲರ ವರದಿಯ ಪ್ರಕಾರ ಮೇಲ್ ಮತ್ತು ಎಕ್ಸ್‌ಪ್ರೆಸ್ ರೈಲುಗಳ ಸಮಯಪಾಲನೆ 2012-13ರಲ್ಲಿ ಶೇ 79 ಇದ್ದದ್ದು 2018-19ರಲ್ಲಿ ಶೇ 69.23ಕ್ಕೆ ಇಳಿದಿತ್ತು. ಈ ಇಳಿಕೆಯಲ್ಲಿ ರೈಲು ನಿಜವಾಗಿ ನಿಧಾನವಾದದ್ದರ ಪಾಲೂ ಇರಬಹುದು, ಲೆಕ್ಕ ಪ್ರಾಮಾಣಿಕವಾದದ್ದರ ಪಾಲೂ ಇರಬಹುದು. ಅಳೆಯುವ ವಿಧಾನ ಬದಲಾದ ದಿನವನ್ನು ಗ್ರಾಫ್‌ನಲ್ಲಿ ಗುರುತು ಮಾಡದಿದ್ದರೆ ಓದುಗ ಎರಡನ್ನೂ ಒಂದೇ ಎಂದುಕೊಳ್ಳುತ್ತಾನೆ.

ಈಗ ಎಂಜಿನ್‌ಗಳಿಗೆ ಇಸ್ರೋ ಸಹಯೋಗದ ಉಪಗ್ರಹ ಆಧಾರಿತ ಆರ್‌ಟಿಐಎಸ್ ಸಾಧನ ಅಳವಡಿಸಲಾಗುತ್ತಿದೆ. ಅದು ರೈಲು ಎಲ್ಲಿದೆ ಎಂಬುದನ್ನು 30 ಸೆಕೆಂಡಿಗೊಮ್ಮೆ ತಿಳಿಸುತ್ತದೆ. ಹಾಗಾಗಿ ನಡುವಿನ ನಿಲ್ದಾಣಗಳ ಸಮಯ ಸಿಗುವುದಿಲ್ಲ ಎಂಬ ತೊಡಕು ಕಡಿಮೆಯಾಗುತ್ತಾ ಬಂದಿದೆ.

ಬ್ರಿಟನ್ ಬದಲಾಯಿಸಿದ ಅಳತೆಗೋಲು

ಬ್ರಿಟನ್‌ನಲ್ಲೂ ಮೊದಲು ಕೊನೆಯ ನಿಲ್ದಾಣದ ಲೆಕ್ಕವೇ ನಡೆಯುತ್ತಿತ್ತು. ಹತ್ತಿರದ ರೈಲಿಗೆ 5 ನಿಮಿಷ, ದೂರದ್ದಕ್ಕೆ 10 ನಿಮಿಷ ರಿಯಾಯಿತಿ. 2019ರ ಏಪ್ರಿಲ್‌ನಿಂದ ಅಲ್ಲಿ ದಾಖಲಾದ ಪ್ರತಿ ನಿಲ್ದಾಣಕ್ಕೂ ರೈಲು ಒಂದು ನಿಮಿಷದೊಳಗೆ ಬಂತೇ ಎಂಬುದನ್ನು ಮುಖ್ಯ ಅಳತೆಯಾಗಿ ತೆಗೆದುಕೊಂಡರು. ಸ್ವಿಟ್ಜರ್ಲೆಂಡ್‌ನ ಎಸ್‌ಬಿಬಿ ಇನ್ನೂ ಮುಂದೆ ಹೋಗಿ, ಎಷ್ಟು ರೈಲು ಅಲ್ಲ, ಎಷ್ಟು ಪ್ರಯಾಣಿಕರು 3 ನಿಮಿಷದೊಳಗೆ ತಲುಪಿದರು ಎಂದು ಎಣಿಸುತ್ತದೆ.

ಒಂದೇ ಹಳಿಯ ಮೇಲೆ ಗೂಡ್ಸ್, ಪ್ಯಾಸೆಂಜರ್, ವಂದೇ ಭಾರತ್ ಎಲ್ಲವೂ ಓಡುವ ನಮ್ಮಲ್ಲಿ ಒಂದು ನಿಮಿಷದ ಅಳತೆ ಕೇಳುವುದು ಅತಿಯಾದೀತು. 15 ನಿಮಿಷವನ್ನೇ ಇಟ್ಟುಕೊಂಡು, ಅದನ್ನು ಕೊನೆಯ ನಿಲ್ದಾಣಕ್ಕೆ ಬದಲು ರೈಲು ನಿಲ್ಲುವ ಪ್ರತಿ ನಿಲ್ದಾಣಕ್ಕೂ ಅನ್ವಯಿಸುವುದಕ್ಕೆ ಹೊಸ ಹಳಿಯೇನೂ ಬೇಕಿಲ್ಲ. ಮಾಹಿತಿ ಈಗಾಗಲೇ ದಾಖಲಾಗುತ್ತಿದೆ.

ಮತ್ತೆ ಕಾಟ್ಪಾಡಿಯ ಪ್ರಯಾಣಿಕರ ವಿಷಯಕ್ಕೆ ಬಂದರೆ, ಮೇಲಿನ ಹತ್ತು ದಿನಗಳಲ್ಲಿ ಒಂಬತ್ತು ದಿನ ರೈಲು ಅಲ್ಲಿಗೆ 27 ನಿಮಿಷದೊಳಗಿನ ತಡದಲ್ಲಿ ಬಂದಿತ್ತು. ಹತ್ತು ದಿನ ಸಾಲದು, ನಿಜವಾದ ರೈಲಿಗೆ ಎರಡು ಮೂರು ತಿಂಗಳ ದಾಖಲೆಯಾದರೂ ಬೇಕು. ಆದರೆ ಉತ್ತರದ ರೂಪ ಇದೇ: ವೈದ್ಯರ ಭೇಟಿಯನ್ನು ರೈಲಿನ ನಿಗದಿತ ಸಮಯಕ್ಕಿಂತ ಕನಿಷ್ಠ ಅರ್ಧ ಗಂಟೆ ಬಿಟ್ಟು ಇಟ್ಟುಕೊಳ್ಳಿ, ನಿಲ್ದಾಣದಿಂದ ಆಸ್ಪತ್ರೆಗೆ ಹೋಗುವ ಸಮಯವನ್ನು ಅದಕ್ಕೆ ಸೇರಿಸಿ. ಶೇ 90 ಎಂಬ ಅಂಕಿ ನಂಬಿ ಹೊರಟವರಿಗೆ ಈ ಅರ್ಧ ಗಂಟೆಯ ಸುಳಿವು ಸಿಗುವುದಿಲ್ಲ.